ಕಲೆ ತೆಗೆಯಲು ಬಿಸಿನೀರೇ ಬೇಕೆ?

ಅಂಗಿಗೆ ರಕ್ತದ ಕಲೆಯಾದರೆ ನಮ್ಮ ಹಾಸ್ಟೆಲ್‌ನಲ್ಲಿ ಹೆಚ್ಚಿನವರು ಓಡುವುದು ಗೀಸರ್ ಕಡೆಗೆ. ಇದು ಬೇಡ ಎನ್ನುವುದು ನನ್ನ ವಾದ. ರಕ್ತದಲ್ಲಿ ಪ್ರೋಟೀನ್ ಇದೆ. ಬಿಸಿನೀರು ತಗುಲಿದರೆ ಅದು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೇ ಕಚ್ಚಿಕೊಳ್ಳುತ್ತದೆ.

ಕಿಣ್ವ, ಅಂದರೆ ಎಂಜೈಮ್ ಇರುವ ಡಿಟರ್ಜೆಂಟ್‌ಗೆ ಆ ಬಿಸಿ ಬೇಕಿಲ್ಲ. ಅದರಲ್ಲಿನ ಪ್ರೋಟಿಯೇಸ್ ಎಂಬ ಕಿಣ್ವ ಪ್ರೋಟೀನಿನ ಉದ್ದನೆಯ ಸರಪಳಿಯನ್ನು ಕತ್ತರಿಸುತ್ತದೆ. ಚಿಕ್ಕ ತುಂಡುಗಳು ಬಟ್ಟೆ ಬಿಟ್ಟು ನೀರಿಗಿಳಿಯುತ್ತವೆ. ಒಂದು ಕೊಂಡಿ ಕತ್ತರಿಸಿದರೆ ಕಿಣ್ವ ಮುಗಿದುಹೋಗುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ. ಕೊಂಡಿ ಮುರಿಯಲು ಬೇಕಾದ ಶಕ್ತಿಯನ್ನೇ ಅದು ತಗ್ಗಿಸುತ್ತದೆ. ಹಾಗಾಗಿ 25 ಡಿಗ್ರಿ ಆಸುಪಾಸಿನ ನಲ್ಲಿ ನೀರಿನಲ್ಲೂ ಕೆಲಸ ಸಾಗುತ್ತದೆ. ಉಗುರುಬೆಚ್ಚಗಿನ ನೀರಿಗಿಂತ ವೇಗ ಕಡಿಮೆ, ಅಷ್ಟೇ. ಅದಕ್ಕೇ ಅರ್ಧ ಗಂಟೆಯಾದರೂ ನೆನೆಸಿಡಬೇಕು. ಪುಡಿ ಹಾಕಿ ಎರಡೇ ನಿಮಿಷಕ್ಕೆ ಉಜ್ಜಿದರೆ ಕಿಣ್ವಕ್ಕೆ ಸಮಯವೇ ಸಿಗುವುದಿಲ್ಲ. ಕುದಿಯುವ ನೀರು ಸುರಿದರಂತೂ, ಕಿಣ್ವವೂ ಪ್ರೋಟೀನೇ ಆದ್ದರಿಂದ, ಅದರ ಆಕಾರ ಕೆಟ್ಟು ಕೆಲಸ ನಿಂತೇಹೋಗುತ್ತದೆ.

ಮಿತಿಯೂ ಇದೆ. ಸಾಂಬಾರ್ ಕಲೆಯಲ್ಲಿ ಬೇಳೆಯ ಅಂಶ ಹೋದರೂ ಹಳದಿ ಉಳಿಯಬಹುದು, ಏಕೆಂದರೆ ಅರಿಶಿನದ ಬಣ್ಣ ಪ್ರೋಟೀನ್ ಅಲ್ಲ. ರೇಷ್ಮೆ, ಉಣ್ಣೆಯ ನೂಲು ಪ್ರೋಟೀನಿನದೇ. ಕಿಣ್ವ ಅದನ್ನೂ ಕತ್ತರಿಸೀತು.

ಆದ್ದರಿಂದ ಹತ್ತಿ ಬಟ್ಟೆಗೆ ನನ್ನ ಸಲಹೆ ಇಷ್ಟೇ: ಪೊಟ್ಟಣದ ಮೇಲೆ ಎಂಜೈಮ್ ಎಂದಿದೆಯೇ ನೋಡಿ ಕೊಳ್ಳಿ, ತಣ್ಣೀರಲ್ಲಿ ನೆನೆಸಿ, ಆಮೇಲೆ ಉಜ್ಜಿ.