ಗುಂಪಿನ ಮಾತು ಸುತ್ತೋಲೆಯಾಗುವಾಗ



2025ರ ಜುಲೈ 7, ಸೋಮವಾರ. ಮುಂಜಾನೆ ನಾವಿನ್ನೂ ಚಹಾ ಮುಗಿಸಿರಲಿಲ್ಲ. ನೆರೆಮನೆಯ ಮಗಳು ಕೈಯಲ್ಲಿ ದೂರವಾಣಿ, ಇನ್ನೊಂದು ಕೈಯಲ್ಲಿ ಒಂದು ಹಾಳೆ ಹಿಡಿದು ಬಂದಳು. ಧಾರವಾಡ ಸೀಮೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಆಕೆ ಗುಮಾಸ್ತೆಯಾಗಿ ಸೇರಿ ಆರು ತಿಂಗಳಾಗಿತ್ತು. "ಕಾಕಾ, ರಾತ್ರಿ ಕಾರ್ಯದರ್ಶಿಗಳು ವಾಟ್ಸಾಪ್ ಗುಂಪಿನ್ಯಾಗ ಹಾಕಿದ್ದನ್ನ ಸುತ್ತೋಲೆ ಮಾಡಿ ಎರಡೂ ಶಾಖೆಗೆ ಕಳಸು ಅಂದಾರ. ಬರದೀನಿ, ಒಮ್ಮೆ ನೋಡ್ರಿ" ಎಂದಳು. ಹಿಂದೊಮ್ಮೆ ಆಕೆ ಬರೆದ ಸುತ್ತೋಲೆಯಲ್ಲಿ "ಸಭೆಗೆ ಹಾಜರಾಗಬಹುದು" ಎಂದಿದ್ದುದರಿಂದ ಶಾಖೆಯ ಸಿಬ್ಬಂದಿಯೊಬ್ಬರು ಬಾರದೆ ಉಳಿದು, ಅವರಿಗೆ ಕಾರಣ ಕೇಳುವ ನೋಟೀಸು ಹೋಗಿತ್ತು. ತನ್ನ ಒಂದು ಶಬ್ದದಿಂದ ಇನ್ನೊಬ್ಬರು ನೋಟೀಸು ಪಡೆದರಲ್ಲ ಎಂಬ ಅಳುಕು ಆಕೆಯ ಮುಖದಲ್ಲಿ ಇನ್ನೂ ಇತ್ತು.

ಗುಂಪಿನಲ್ಲಿದ್ದ ಸಂದೇಶಗಳು ಹೀಗಿದ್ದವು:

"ಎಲ್ಲಾರಿಗೂ ನಮಸ್ಕಾರ. ನಾಡದು ಆಡಿಟ್‌ನವರು ಬರ್ತಾರಂತ. ಎಲ್ಲಾರೂ ಜಲ್ದಿ ಬರ್ರಿ. ರಜಾ ಗಿಜಾ ಕೇಳಬ್ಯಾಡ್ರಿ."
"ಶಾಖೆಯವರು ಪುಸ್ತಕ ಎಲ್ಲಾ ನಾಳಿ ಸಂಜೀಕ ಮುಟ್ಟಸ್ರಿ. ಕ್ಯಾಶ್ ಬುಕ್ಕು, ರಸೀದಿ ಬುಕ್ಕು."
"bele patti ನೂ ಬೇಕು."
"ಹೋದ ಸಲ ಮಾಡಿದಂಗ ಮಾಡಬ್ಯಾಡ್ರಿ."
"ಆಗಲಿಲ್ಲಂದ್ರ ನನಗೊಂದು ಮಾತು ಹೇಳ್ರಿ."

ಆಕೆಯ ಹಾಳೆಯಲ್ಲಿ ಇದು ಹೀಗಾಗಿತ್ತು: "ನಾಡಿದ್ದು ಲೆಕ್ಕಪರಿಶೋಧಕರು ಆಗಮಿಸುತ್ತಾರಂತೆ. ಆದ್ದರಿಂದ ಸರ್ವ ಸಿಬ್ಬಂದಿಯು ಶೀಘ್ರವಾಗಿ ಆಗಮಿಸಿ, ರಜೆಯನ್ನು ಯಾಚಿಸದೆ, ಸಮಸ್ತ ಪುಸ್ತಕಗಳನ್ನೂ ಬೆಲೆ ಪಟ್ಟಿಯನ್ನೂ ನಾಳೆ ಸಾಯಂಕಾಲದೊಳಗೆ ತಲುಪಿಸಿ, ಕಳೆದ ಬಾರಿಯಂತೆ ವರ್ತಿಸಬಾರದು. ತಪ್ಪಿದಲ್ಲಿ ಶಿಸ್ತು ಕ್ರಮ ಕೈಗೊಳ್ಳಲಾಗುವುದು."

ಶಬ್ದಗಳೇನೋ ಬಿಳಿ ಅಂಗಿ ತೊಟ್ಟಿದ್ದವು. ಆದರೆ ಒಳಗಿನ ಮಾತು ಗುಂಪಿನಲ್ಲಿದ್ದಂತೆಯೇ ಇತ್ತು. ಹೊಸದಾಗಿ ಬರೆಯುವವರೆಲ್ಲ ಎಡವುವುದು ಇಲ್ಲಿಯೇ. "ಬರ್ರಿ" ಎಂಬುದನ್ನು "ಆಗಮಿಸಿರಿ" ಎಂದು ಮಾಡಿದರೆ ಅದು ಕಚೇರಿಯ ಭಾಷೆಯಾಗುವುದಿಲ್ಲ. ಗುಂಪಿನಲ್ಲಿ ಮಾತನಾಡುವವರಿಗೆ ಪರಸ್ಪರ ಪರಿಚಯವಿರುತ್ತದೆ. ಹೇಳದೆ ಬಿಟ್ಟುದನ್ನು ಅವರು ತಾವೇ ತುಂಬಿಕೊಳ್ಳುತ್ತಾರೆ. ಸುತ್ತೋಲೆಯಾದರೋ ಕಡತಕ್ಕೆ ಸೇರಿ, ಎರಡು ವರ್ಷಗಳ ನಂತರ ಏನೂ ಅರಿಯದ ಒಬ್ಬರ ಕೈಗೆ ಬರುವಂಥದು. ಆದ್ದರಿಂದ ಹೇಳದೆ ಬಿಟ್ಟುದನ್ನು ಮೊದಲು ಹುಡುಕಿ, ಕೇಳಿ, ತುಂಬಬೇಕು. ಶಬ್ದ ಬದಲಾಯಿಸುವ ಕೆಲಸ ಆಮೇಲಿನದು.

ನಾವು ಆಕೆಯ ಹಾಳೆಯನ್ನು ಬದಿಗಿಟ್ಟು ಸಂದೇಶಗಳನ್ನೇ ಒಂದೊಂದಾಗಿ ಓದಿದೆವು.

ಮೊದಲನೆಯದು ಕಾಲ. ಸಂದೇಶ ಬಂದದ್ದು ಭಾನುವಾರ ರಾತ್ರಿ. ಆ ಲೆಕ್ಕದಲ್ಲಿ "ನಾಳಿ" ಎಂದರೆ ಸೋಮವಾರ, "ನಾಡದು" ಎಂದರೆ ಮಂಗಳವಾರ. ಆದರೆ ಸುತ್ತೋಲೆ ಹೊರಡುವುದು ಸೋಮವಾರ. ಅದರಲ್ಲಿ "ನಾಳೆ ಸಾಯಂಕಾಲ" ಎಂದು ಉಳಿದರೆ ಓದಿದವರು ಮಂಗಳವಾರ ಸಂಜೆ ಎಂದು ತಿಳಿದು, ಲೆಕ್ಕಪರಿಶೋಧಕರು ಬಂದು ಹೋದ ಮೇಲೆ ಪುಸ್ತಕ ತರುತ್ತಾರೆ. ನಾಳೆ, ನಾಡಿದ್ದು, ಹೋದ ವಾರ, ಈಗ ಎಂಬ ಮಾತುಗಳೆಲ್ಲ ಆಡಿದ ಗಳಿಗೆಗೆ ಕಟ್ಟಿದವು. ಸುತ್ತೋಲೆಯಲ್ಲಿ ದಿನಾಂಕ, ವಾರ, ಗಂಟೆ ಮೂರನ್ನೂ ಬರೆಯಬೇಕು. ವಾರವನ್ನೂ ಬರೆದರೆ ದಿನಾಂಕದ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. "ಜಲ್ದಿ" ಎಂಬುದೂ ಹೀಗೆಯೇ. ಎಷ್ಟು ಗಂಟೆಗೆ ಎಂದು ದೂರವಾಣಿಯಲ್ಲಿ ಕೇಳಿದಾಗ "ಒಂಬತ್ತೂವರಿಗೆ" ಎಂದರು ಕಾರ್ಯದರ್ಶಿಗಳು.

ಎರಡನೆಯದು "ಬರ್ತಾರಂತ" ಎಂಬಲ್ಲಿನ "ಅಂತ", ಗ್ರಂಥಭಾಷೆಯ "ಅಂತೆ". ಈ ಒಂದು ಪ್ರತ್ಯಯ "ನಾನು ಕಂಡಿಲ್ಲ, ಕೇಳಿದ್ದೇನೆ" ಎಂದು ಹೇಳಿಬಿಡುತ್ತದೆ. ಮಾತಿನಲ್ಲಿ ಅದು ಪ್ರಾಮಾಣಿಕತೆ. ಕಚೇರಿಯಾದರೋ ಕೇಳಿದ ಮಾತಿನ ಮೇಲೆ ಸಿಬ್ಬಂದಿಯ ರಜೆ ತಡೆಯಲಾಗದು. ಹಾಗೆಂದು "ಅಂತೆ"ಯನ್ನು ಸುಮ್ಮನೆ ಅಳಿಸಿ "ಆಗಮಿಸುತ್ತಾರೆ" ಎಂದರೆ, ಗೊತ್ತಿಲ್ಲದುದನ್ನು ಗೊತ್ತಿದೆ ಎಂದು ಬರೆದಂತಾಗುತ್ತದೆ. ಇದಕ್ಕೆ ದಾರಿ ಒಂದೇ: ಆ ಸುದ್ದಿಯ ಮೂಲವನ್ನು ಹುಡುಕಿ "ಉಲ್ಲೇಖ" ಎಂಬಲ್ಲಿ ಕಾಣಿಸುವುದು. ಕಾರ್ಯದರ್ಶಿಗಳು ಅಧ್ಯಕ್ಷರ ಬಾಯಿಂದ ಕೇಳಿ ಬರೆದಿದ್ದರು. ವಿಚಾರಿಸಿದಾಗ ಲೆಕ್ಕಪರಿಶೋಧಕರ 3ನೇ ತಾರೀಖಿನ ಪತ್ರ ಕಡತದಲ್ಲಿಯೇ ಇತ್ತು. ಪತ್ರ ಸಿಗದಿದ್ದರೆ ಸುತ್ತೋಲೆಯನ್ನು ತಡೆದಿಡುವುದೇ ಸರಿಯಾಗುತ್ತಿತ್ತು.

ಮೂರನೆಯದು ಕ್ರಿಯಾಪದದ ಬಿಗಿ. "ಬರ್ರಿ" ಎಂಬುದು ದನಿಯ ಮೇಲೆ ವಿನಂತಿಯೂ ಆದೀತು, ಅಪ್ಪಣೆಯೂ ಆದೀತು. ಕಾಗದಕ್ಕೆ ದನಿಯಿಲ್ಲ. ಆದುದರಿಂದ ಕಚೇರಿಗಳಲ್ಲಿ ಬಿಗಿಯನ್ನು ಶಬ್ದಕ್ಕೇ ಕಟ್ಟಿದ್ದಾರೆ. "ಕೋರಲಾಗಿದೆ" ಎಂದರೆ ವಿನಂತಿ. ಮೇಲಿನವರಿಗೂ ಹೊರಗಿನವರಿಗೂ ಸಲ್ಲುತ್ತದೆ. "ಸೂಚಿಸಲಾಗಿದೆ" ಎಂದರೆ ಕೈಕೆಳಗಿನವರು ಪಾಲಿಸಬೇಕಾದ ಮಾತು. "ತಕ್ಕದ್ದು" ಎಂದರೆ ತಪ್ಪಿಸಲಾಗದ ಕರ್ತವ್ಯ. "ಬಹುದು" ಎಂದರೆ ಅನುಮತಿ. ಇಚ್ಛೆಯಿದ್ದವರು ಮಾಡಲಿ ಎಂದರ್ಥ. ಆಕೆ ಹಿಂದೆ ಮರ್ಯಾದೆಗೆಂದು ಬಳಸಿದ "ಹಾಜರಾಗಬಹುದು" ಎಂಬುದನ್ನು ಆ ಸಿಬ್ಬಂದಿಯವರು ಇದ್ದ ಅರ್ಥದಲ್ಲಿಯೇ ಓದಿಕೊಂಡಿದ್ದರು. ತಪ್ಪು ಓದಿದವರದಲ್ಲ. ಕಚೇರಿಯ ಬರವಣಿಗೆಯಲ್ಲಿ ಮರ್ಯಾದೆಯನ್ನು ಬಹುವಚನದಿಂದ ತೋರಿಸಬೇಕು, ಕ್ರಿಯಾಪದದ ಬಿಗಿಯನ್ನು ಸಡಿಲಿಸಿ ಅಲ್ಲ.

ನಾಲ್ಕನೆಯದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಕನ್ನಡ. bele patti ಎಂಬುದನ್ನು ಆಕೆ "ಬೆಲೆ ಪಟ್ಟಿ" ಎಂದು ಓದಿದ್ದಳು. ಸಂಘದಲ್ಲಿ ಗೊಬ್ಬರದ ಮಾರಾಟವೂ ಇರುವುದರಿಂದ ಅದು ಸಹಜವೇ. ಆ ಅಕ್ಷರಗಳಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಲಕಾರ ಳಕಾರಗಳ ಭೇದವೂ ಹ್ರಸ್ವ ದೀರ್ಘಗಳ ಭೇದವೂ ಅಲ್ಲಿ ಕಾಣವು. ಕಾರ್ಯದರ್ಶಿಗಳು ಕೇಳಿದ್ದು ಬೆಳೆಸಾಲ ಪಡೆದ ಸದಸ್ಯರ ಬೆಳೆವಾರು ಪಟ್ಟಿಯನ್ನು. ಇಂಥ ಶಬ್ದ ಬಂದಾಗ ಊಹಿಸಬಾರದು. ಆಗಬಹುದಾದ ಎಲ್ಲ ಓದುಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದು ತೋರಿಸಿ, ಯಾವುದೆಂದು ಕೇಳಬೇಕು.

ಐದನೆಯದು "ಹೋದ ಸಲ ಮಾಡಿದಂಗ" ಎಂಬ ಚುಚ್ಚುಮಾತು. ಯಾರಿಗೆಂದು ಗುಂಪಿನವರಿಗೆ ಗೊತ್ತು. "ಕಳೆದ ಬಾರಿಯಂತೆ ವರ್ತಿಸಬಾರದು" ಎಂದು ಬರೆದರೆ ಅದು ಎಲ್ಲರ ಮೇಲಿನ ಆಪಾದನೆಯಾಗಿ ಕಡತದಲ್ಲಿ ಕೂರುತ್ತದೆ. ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ವಿಚಾರಿಸಿದಾಗ, ಕಳೆದ ವರ್ಷ ಒಂದು ಶಾಖೆಯವರು ಬರೆದು ಮುಗಿಸಿದ ರಸೀದಿ ಪುಸ್ತಕಗಳನ್ನಷ್ಟೇ ತಂದು, ಖಾಲಿ ಪುಸ್ತಕಗಳನ್ನು ಬಿಟ್ಟು ಬಂದಿದ್ದರೆಂದು ತಿಳಿಯಿತು. ಹಾಗಾದರೆ ಬರೆಯಬೇಕಾದ ಮಾತು ಇಷ್ಟೇ: ಬಳಸಿದ ಹಾಗೂ ಬಳಸದ ಪುಸ್ತಕಗಳೆರಡನ್ನೂ ತರತಕ್ಕದ್ದು. ದೂರು ಸೂಚನೆಯಾಯಿತು, ಯಾರ ಮನವೂ ನೋಯಲಿಲ್ಲ.

ಕೊನೆಯದಾಗಿ, ಆಕೆಯ ಹಾಳೆಯ "ಶಿಸ್ತು ಕ್ರಮ". ಅದು ಯಾವ ಸಂದೇಶದಲ್ಲಿಯೂ ಇರಲಿಲ್ಲ. "ಹಳೇ ಸುತ್ತೋಲ್ಯಾಗ ಹಂಗ ಇರ್ತದಲ್ರಿ ಕಾಕಾ" ಎಂದಳು. ಹಳೆಯ ಕಾಗದದ ರೂಢಿ ನೋಡಿ, ಮೇಲಿನವರು ಆಡದ ಬೆದರಿಕೆಯನ್ನು ಬರೆಯುವವರು ಸೇರಿಸಬಾರದು. ಅದರ ಬದಲು, ಆಕೆ ಕೈಬಿಟ್ಟಿದ್ದ "ಆಗಲಿಲ್ಲಂದ್ರ ನನಗೊಂದು ಮಾತು ಹೇಳ್ರಿ" ಎಂಬುದು ಬಹು ಮುಖ್ಯ. ರಜೆ ಬೇಡವೆಂಬ ನಿಯಮಕ್ಕೆ ಕಾರ್ಯದರ್ಶಿಗಳೇ ತೆರೆದಿಟ್ಟ ಬಾಗಿಲು ಅದು. ಮನೆಯಲ್ಲಿ ಜಡ್ಡು ಜಾಪತ್ರೆ ಇದ್ದವರಿಗೆ ಆ ಒಂದು ಸಾಲೇ ಆಧಾರ.

ಇಷ್ಟನ್ನೂ ಕೇಳಿ ತಿಳಿದ ಮೇಲೆ ಬರೆಯಲು ಕಾಲು ಗಂಟೆ ಸಾಕಾಯಿತು:

ಸುತ್ತೋಲೆ

ಸಂಖ್ಯೆ: ____    ದಿನಾಂಕ: 07-07-2025

ವಿಷಯ: ಲೆಕ್ಕಪರಿಶೋಧನೆಗಾಗಿ ಸಿಬ್ಬಂದಿಯ ಹಾಜರಾತಿ ಹಾಗೂ ದಾಖಲೆಗಳ ಸಲ್ಲಿಕೆ ಕುರಿತು.
ಉಲ್ಲೇಖ: ಲೆಕ್ಕಪರಿಶೋಧಕರ ಪತ್ರ, ದಿನಾಂಕ 03-07-2025.

ಉಲ್ಲೇಖಿತ ಪತ್ರದಂತೆ ಲೆಕ್ಕಪರಿಶೋಧಕರು ದಿನಾಂಕ 08-07-2025, ಮಂಗಳವಾರ ಸಂಘದ ಪ್ರಧಾನ ಕಚೇರಿಗೆ ಭೇಟಿ ನೀಡಲಿದ್ದಾರೆ. ಈ ಸಂಬಂಧ ಸಿಬ್ಬಂದಿಯವರಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಪ್ರಧಾನ ಕಚೇರಿ ಹಾಗೂ ಎರಡೂ ಶಾಖೆಗಳ ಎಲ್ಲ ಸಿಬ್ಬಂದಿಯವರು ಸದರಿ ದಿನ ಬೆಳಿಗ್ಗೆ 9-30ಕ್ಕೆ ಪ್ರಧಾನ ಕಚೇರಿಯಲ್ಲಿ ಹಾಜರಿರತಕ್ಕದ್ದು.
2. ಶಾಖೆಗಳ ವ್ಯವಸ್ಥಾಪಕರು ನಗದು ಪುಸ್ತಕ, ಬಳಸಿದ ಹಾಗೂ ಬಳಸದ ರಸೀದಿ ಪುಸ್ತಕಗಳು ಮತ್ತು ಬೆಳೆಸಾಲ ಪಡೆದ ಸದಸ್ಯರ ಬೆಳೆವಾರು ಪಟ್ಟಿಯನ್ನು ದಿನಾಂಕ 07-07-2025, ಸೋಮವಾರ ಸಂಜೆ 5-00 ಗಂಟೆಯೊಳಗೆ ಪ್ರಧಾನ ಕಚೇರಿಯ ಲೆಕ್ಕಿಗರಿಗೆ ಒಪ್ಪಿಸಿ, ಸ್ವೀಕೃತಿ ಪಡೆಯತಕ್ಕದ್ದು.
3. ಸದರಿ ದಿನ ರಜೆ ನೀಡಲಾಗುವುದಿಲ್ಲ. ಅನಿವಾರ್ಯ ಕಾರಣವಿದ್ದವರು ಮುಂಚಿತವಾಗಿ ಕಾರ್ಯದರ್ಶಿಯವರಿಗೆ ತಿಳಿಸಿ ಅನುಮತಿ ಪಡೆಯತಕ್ಕದ್ದು.

(ಸಹಿ)
ಕಾರ್ಯದರ್ಶಿ

ಪ್ರತಿ: ಎರಡೂ ಶಾಖೆಗಳ ವ್ಯವಸ್ಥಾಪಕರು, ಲೆಕ್ಕಿಗರು, ಕಚೇರಿ ಕಡತ.

ಇಲ್ಲಿ ಶಾಖೆ, ರಸೀದಿ, ರಜೆ ಎಂಬ ರೂಢಿಯ ಶಬ್ದಗಳನ್ನು ನಾವು ಮುಟ್ಟಲಿಲ್ಲ. ಅವು ಕಚೇರಿಯ ಶಬ್ದಗಳೇ. "ಕ್ಯಾಶ್ ಬುಕ್ಕು" ಮಾತ್ರ ದಾಖಲೆಯ ಮೇಲೆ ಮುದ್ರಿತವಾಗಿರುವ ಹೆಸರಿನಂತೆ "ನಗದು ಪುಸ್ತಕ" ಆಯಿತು. "ಪುಸ್ತಕಗಳನ್ನು ಸ್ವೀಕರಿಸಲಾಗುವುದು" ಎಂದು ಬರೆಯದೆ ಲೆಕ್ಕಿಗರನ್ನು ಹೆಸರಿಸಿದ್ದಕ್ಕೂ ಕಾರಣವಿದೆ. "ಸೂಚಿಸಲಾಗಿದೆ" ಎಂದರೆ ಸೂಚಿಸಿದವರು ಯಾರೆಂದು ಸಹಿಯೇ ಹೇಳುತ್ತದೆ. ಆದರೆ ಕೆಲಸ ಮಾಡಬೇಕಾದವರನ್ನು ಕರ್ಮಣಿ ಪ್ರಯೋಗದ ಹಿಂದೆ ಅಡಗಿಸಿದರೆ, ಪುಸ್ತಕ ಕಳೆದ ದಿನ ಯಾರನ್ನು ಕೇಳುವುದು?

ಸರಿಯಾಯಿತೇ ಎಂದು ನೋಡಲು ಒಂದು ಪರೀಕ್ಷೆಯಿದೆ. ಆ ಗುಂಪಿನಲ್ಲಿ ಇಲ್ಲದ ಒಬ್ಬರಿಗೆ ಕಾಗದ ಕೊಟ್ಟು, ಯಾರು, ಏನನ್ನು, ಯಾವಾಗ, ಯಾರಿಗೆ ಎಂದು ಕೇಳಬೇಕು. ಒಳಗಿನಿಂದ ನಮ್ಮ ಮನೆಯವರನ್ನೇ ಕರೆದೆವು. ಅವರು ಕನ್ನಡಕ ಏರಿಸಿ ಓದಿ, ನಾಲ್ಕಕ್ಕೂ ತಡವರಿಸದೆ ಉತ್ತರಿಸಿ, "ಎಲ್ಲಾ ತಿಳೀತು. ಆದ್ರ ಇದು ಮಧ್ಯಾಹ್ನದಾಗ ಶಾಖೆಗೆ ಮುಟ್ಟಿದ್ರ ಐದರೊಳಗ ಅವರು ಹೆಂಗ ತರ್ತಾರ?" ಎಂದರು. ನಮಗಿಬ್ಬರಿಗೂ ಹೊಳೆಯದ ಮಾತು. ಆಕೆ ಕೂಡಲೇ ಎದ್ದು, ಕಾರ್ಯದರ್ಶಿಗಳ ಸಹಿ ಪಡೆದು ಹತ್ತು ಗಂಟೆಗೇ ಕಳಿಸುವೆನೆಂದು ಹೊರಟಳು. ಸಂಜೆ ಐದಕ್ಕೆ ಮೊದಲೇ ಎರಡೂ ಶಾಖೆಗಳ ಪುಸ್ತಕಗಳು ಬಂದು, ಲೆಕ್ಕಿಗರು ಸ್ವೀಕೃತಿ ಕೊಟ್ಟರೆಂದು ಮರಳುವಾಗ ಬಾಗಿಲಲ್ಲಿಯೇ ನಿಂತು ಹೇಳಿ ಹೋದಳು.