ಒಂದು ತಂತಿಗೆ ಎಷ್ಟು ಹೆಸರು ಸ್ವಾಮಿ?

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಕರೆಂಟು ಹೋಗೋದು ಸುದ್ದಿಯೇ ಅಲ್ಲ. ಮರ ಬಿತ್ತು, ಲೈನ್ ಹೋಯ್ತು, ರಾತ್ರಿ ಎರಡಕ್ಕೆ ವಾಪಸ್ ಬಂತು. ಆದರೆ ಕರೆಂಟು ಬಂದ ತಕ್ಷಣ ಯಾರೂ ಮುಟ್ಟದ ಟಿವಿ ತಾನಾಗೇ ಆನ್ ಆಗಿ, ಸೌಂಡ್‌ಬಾರ್ ಗುಡುಗಿ, ಅಪ್ಪ ಅಮ್ಮ ಬೆಚ್ಚಿ ಏಳ್ತಾರಲ್ಲ, ಅದಕ್ಕೆ ಮೆಸ್ಕಾಂನ ಬೈದು ಪ್ರಯೋಜನ ಇಲ್ಲ.

ಕಾರಣ ಎಚ್‌ಡಿಎಂಐ ಕೇಬಲ್ಲಿನೊಳಗಿನ ಒಂದು ತಂತಿ, ಪ್ಲಗ್ಗಿನ 13ನೇ ಪಿನ್ನು. ಅದರಲ್ಲಿ ಚಿತ್ರ ಹೋಗಲ್ಲ, ಅಪ್ಪಣೆ ಮಾತ್ರ ಹೋಗುತ್ತೆ. ಹೆಸರು ಸಿಇಸಿ. ಒಂದೇ ರಿಮೋಟಿನಲ್ಲಿ ಎಲ್ಲ ನಡೆಯಲಿ ಅನ್ನೋದು ಉದ್ದೇಶ. ಆದರೆ ಇದು ಎಲ್ಲರೂ ಹಂಚಿಕೊಂಡ ತಂತಿ. ಕರೆಂಟು ಬಂದು ಬೂಟ್ ಆದ ಪ್ಲೇಯರ್ "ಈಗ ನನ್ನನ್ನು ತೋರಿಸಿ" ಅಂತ ಕೂಗಿದರೆ ಟಿವಿ ಏಳುತ್ತೆ, ಸೌಂಡ್‌ಬಾರನ್ನೂ ಎಬ್ಬಿಸುತ್ತೆ. ಉಲ್ಟಾನೂ ಉಂಟು. ಪ್ಲೇಯರ್ ಆಫ್ ಮಾಡಿದರೆ ಅದು "ಎಲ್ಲರೂ ಮಲಗಿ" ಅನ್ನುತ್ತೆ, ಸೆಟ್‌ಟಾಪ್ ಬಾಕ್ಸಿನಲ್ಲಿ ವಾರ್ತೆ ನೋಡ್ತಿದ್ದವರ ಟಿವಿ ಆಫ್.

ಬೆಂಗಳೂರಿನಿಂದ ಫೋನಿನಲ್ಲಿ "ಅಪ್ಪಾ, ಸಿಇಸಿ ಆಫ್ ಮಾಡಿ" ಅಂದರೆ ಅವರಿಗೆ ಆ ಪದವೇ ಸಿಗಲ್ಲ. ಸ್ಯಾಮ್‌ಸಂಗ್ ಮೆನುವಿನಲ್ಲಿ ಅದು Anynet+, ಎಲ್‌ಜಿಯಲ್ಲಿ SIMPLINK, ಸೋನಿಯಲ್ಲಿ BRAVIA Sync. ಕೆಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲಿ HDMI-CEC ಅಂತಲೂ ಇರುತ್ತೆ, ಅದು ನಮ್ಮ ಪುಣ್ಯ. ಎಲ್ಲ ಬ್ರ್ಯಾಂಡಿಗೂ ಸೇರಿದ ವ್ಯವಸ್ಥೆಗೆ ತಮ್ಮದೇ ಆವಿಷ್ಕಾರದ ಹಾಗೆ ನಾಮಕರಣ ಮಾಡೋದು ಜಾಣತನವಲ್ಲ, ಗಿರಾಕಿಯ ಕಣ್ಣಿಗೆ ಮಣ್ಣೆರಚೋದು.

ಸದ್ಯಕ್ಕೆ ದಾರಿ ಇದು. ಸೌಂಡ್‌ಬಾರ್ ಬಿಟ್ಟು ಉಳಿದ ಎಚ್‌ಡಿಎಂಐ ಕೇಬಲ್‌ಗಳನ್ನು ಟಿವಿಯಿಂದ ಕೀಳಿ. ಆಮೇಲೆ ಒಂದೊಂದನ್ನೇ ಸಿಕ್ಕಿಸಿ, ಟಿವಿ ಸ್ಟ್ಯಾಂಡ್‌ಬೈನಲ್ಲಿದ್ದಾಗ ಎಲ್ಲದರ ಗೋಡೆಯ ಸ್ವಿಚ್ಚು ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಯಾವುದನ್ನು ಸಿಕ್ಕಿಸಿದಾಗ ಟಿವಿ ಎದ್ದಿತೋ ಅದೇ ಕಳ್ಳ. ಸಿಇಸಿಯನ್ನು ಆ ಪೆಟ್ಟಿಗೆಯ ಮೆನುವಿನಲ್ಲಿ ಮಾತ್ರ ಆಫ್ ಮಾಡಿ. ಟಿವಿಯಲ್ಲಿ ಆಫ್ ಮಾಡಿದರೆ ಸೌಂಡ್‌ಬಾರಿನ ವಾಲ್ಯೂಮ್ ಟಿವಿ ರಿಮೋಟಿಗೆ ಸಿಗಲ್ಲ, ಎಷ್ಟೋ ಸೆಟ್‌ಗಳಲ್ಲಿ ಎಆರ್‌ಸಿ ಮೂಲಕ ಬರುವ ಶಬ್ದವೂ ನಿಲ್ಲುತ್ತೆ.

ಆ ಪೆಟ್ಟಿಗೆಯಲ್ಲಿ ಆಯ್ಕೆಯೇ ಇಲ್ಲವೇ? 13ನೇ ಪಿನ್ನಿನ ಸಂಪರ್ಕ ತಪ್ಪಿಸಿದ ಪುಟ್ಟ ಅಡಾಪ್ಟರ್ ಸಿಗುತ್ತೆ. ಅದನ್ನು ಆ ಒಂದು ಕೇಬಲ್ಲಿಗೆ ಹಾಕಿ. ಚಿತ್ರ, ಶಬ್ದ ಎರಡೂ ಬರುತ್ತೆ, ಅಪ್ಪಣೆ ಹೋಗಲ್ಲ. ಬದಲಿಗೆ ಆ ಪೆಟ್ಟಿಗೆ ಟಿವಿ ರಿಮೋಟಿನ ಮಾತು ಕೇಳಲ್ಲ, ಅದರ ಸ್ವಂತ ರಿಮೋಟ್ ಕೈಯಲ್ಲಿರಬೇಕು.

ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಪೆಟ್ಟಿಗೆಯ ಬಾಯಿ ಮುಚ್ಚಿಸಲು ಇನ್ನೊಂದು ಅಡಾಪ್ಟರ್ ನಾವ್ಯಾಕೆ ಕೊಳ್ಳಬೇಕು? ಮೆನುವಿನಲ್ಲಿ ಸಿಇಸಿ ಅಂತಲೇ ಬರೆಯಲಿ. ಎಬ್ಬಿಸೋದಕ್ಕೆ, ಮಲಗಿಸೋದಕ್ಕೆ, ವಾಲ್ಯೂಮಿಗೆ ಬೇರೆ ಬೇರೆ ಸ್ವಿಚ್ಚು ಕೊಡಲಿ. ಕರೆಂಟು ಬಂದದ್ದನ್ನೂ ಮನುಷ್ಯ ಬಟನ್ ಒತ್ತಿದ್ದನ್ನೂ ಒಂದೇ ಅಂತ ತಿಳಿಯೋ ಪೆಟ್ಟಿಗೆಗೆ ಸ್ಮಾರ್ಟ್ ಅನ್ನೋ ಬಿರುದು ಬೇಡ.