ಇದು ಸರಿಯೇ ಎಂದು ಮಕ್ಕಳು ಕೇಳಿದಾಗ

ಪಿ.ಯು.ಸಿ. ಓದುವ ಮಗಳು ಭೌತಶಾಸ್ತ್ರದ ಪ್ರಯೋಗ ಪುಸ್ತಕವನ್ನು ಮುಂದಿಟ್ಟು, "ಅಪ್ಪಾಜಿ, ಇದು ಸರಿಯೇ?" ಎಂದಷ್ಟೇ ಕೇಳುತ್ತಾಳೆ. ನಾವು ಹಿರಿಯರು ಪುಟದ ಕೊನೆಯ ಉತ್ತರದ ಮೇಲೆ ಕಣ್ಣಾಡಿಸುತ್ತೇವೆ. ಗುರುತ್ವ ವೇಗೋತ್ಕರ್ಷ 9.58 ಎಂದಿದೆ, ಪುಸ್ತಕದಲ್ಲಿರುವುದು 9.8. ಹತ್ತಿರದಲ್ಲಿಯೇ ಇದೆಯೆಂದು "ಸರಿ" ಎಂದುಬಿಡುತ್ತೇವೆ. ಆದರೆ ತಪ್ಪು ಅಡಗಿರುವುದು ಉತ್ತರದಲ್ಲಲ್ಲ, ಅದರ ಹಿಂದಿನ ನಕ್ಷೆಯಲ್ಲಿ. ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಂಡು ಇದನ್ನು ವಿಚಾರಿಸೋಣ.

ದಾರಕ್ಕೆ ಕಟ್ಟಿದ ಲೋಹದ ಗುಂಡನ್ನು ತೂಗಾಡಲು ಬಿಟ್ಟು, 20 ಆಂದೋಲನಗಳಿಗೆ ಹಿಡಿಯುವ ಕಾಲವನ್ನಳೆದು, ಒಂದು ಆಂದೋಲನದ ಅವಧಿಯನ್ನು ಕಂಡುಹಿಡಿಯುತ್ತಾರೆ. ದಾರದ ಉದ್ದ 40, 60, 80, 100, 120 ಸೆಂ.ಮೀ. ಇದ್ದಾಗ ಅವಧಿ ಕ್ರಮವಾಗಿ 1.30, 1.58, 1.82, 2.03, 2.22 ಸೆಕೆಂಡು ಬಂದಿತೆನ್ನೋಣ. ಇವುಗಳ ವರ್ಗ 1.69, 2.50, 3.31, 4.12, 4.93. ಉದ್ದವನ್ನು ಅಡ್ಡ ಅಕ್ಷದಲ್ಲಿಯೂ ಅವಧಿಯ ವರ್ಗವನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿ ಸರಳ ರೇಖೆಯನ್ನೆಳೆದು, 4π², ಎಂದರೆ 39.48ನ್ನು, ಆ ರೇಖೆಯ ಇಳಿಜಾರಿನಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ದೊರೆಯುತ್ತದೆ.

ಮೊದಲು ಅಕ್ಷಗಳ ಹೆಸರನ್ನು ಓದಬೇಕು. ಲಂಬ ಅಕ್ಷದಲ್ಲಿ ಮಗಳು "ಅವಧಿ, ಸೆಕೆಂಡು" ಎಂದಷ್ಟೇ ಬರೆದಿದ್ದಾಳೆ. ಹಾಗಾದರೆ 100 ಸೆಂ.ಮೀ. ಲೋಲಕಕ್ಕೆ ಅವಧಿ 4.12 ಸೆಕೆಂಡು ಎಂದಾಯಿತು. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು ಎರಡೇ ಸೆಕೆಂಡು ಸಾಕು. ಆದ್ದರಿಂದ ಅಲ್ಲಿರುವುದು ಅವಧಿಯಲ್ಲ, ಅವಧಿಯ ವರ್ಗ. ಅದರ ಮಾನ ಸೆಕೆಂಡಿನ ವರ್ಗ. ಇನ್ನು ಕೆಲವರು ಉದ್ದವನ್ನು ಲಂಬ ಅಕ್ಷದಲ್ಲಿಡುತ್ತಾರೆ. ಅದು ತಪ್ಪಲ್ಲ, ಆದರೆ ಆಗ ಇಳಿಜಾರಿನಿಂದ ಭಾಗಿಸದೆ ಗುಣಿಸಬೇಕು.

ಅಡ್ಡ ಅಕ್ಷದಲ್ಲಿ 40ರಿಂದ 120ರವರೆಗೆ ಅಂಕಿಗಳಿದ್ದು, ಕೆಳಗೆ "ಮೀಟರ್" ಎಂದಿದೆ. ವಿಜಯಪುರದ ಗೋಳಗುಮ್ಮಟದ ಎತ್ತರವೇ ಸುಮಾರು 51 ಮೀಟರ್. ಅದರ ಇಮ್ಮಡಿ ಉದ್ದದ ದಾರವನ್ನು ಪ್ರಯೋಗಶಾಲೆಯಲ್ಲಿ ಯಾರು ತೂಗುಹಾಕಿಯಾರು? ಈ ಮಾನದಂತೆ ಲೆಕ್ಕಿಸಿದರೆ ಉತ್ತರ 958 ಮೀಟರ್ ಆಗುತ್ತದೆ. ಮಕ್ಕಳು ಅದನ್ನು ಕಂಡು ಗಾಬರಿಯಾಗಿ, ಕಾರಣ ಹುಡುಕದೆ, ಚುಕ್ಕಿಯನ್ನು ಎರಡು ಸ್ಥಾನ ಹಿಂದಕ್ಕೆ ಸರಿಸಿ 9.58 ಎಂದು ಬರೆದುಬಿಡುತ್ತಾರೆ.

ಮೂರನೆಯದು ರೇಖೆ, ಮುಖ್ಯವಾದುದೂ ಇದೇ. ಸೂತ್ರದ ಪ್ರಕಾರ ಉದ್ದ ಸೊನ್ನೆಯಾದರೆ ಅವಧಿಯೂ ಸೊನ್ನೆ. ಆದುದರಿಂದ ಮಗಳು ಪಟ್ಟಿಯನ್ನು ಮೂಲಬಿಂದುವಿಗೂ 100 ಸೆಂ.ಮೀ.ನ ಬಿಂದುವಿಗೂ ತಾಗಿಸಿ ಗೆರೆಯೆಳೆದಿದ್ದಾಳೆ. ಇಳಿಜಾರು 0.0412, ಉತ್ತರ 958 ಸೆಂ.ಮೀ. ಆದರೆ 40, 60, 80ರ ಬಿಂದುಗಳೆಲ್ಲವೂ ಗೆರೆಯ ಮೇಲೆಯೇ ಉಳಿದಿವೆ. 120ರದು ತುಸು ಕೆಳಗಿದೆ. ಗಡಿಯಾರವನ್ನು ಒತ್ತುವಾಗಿನ ಹಿಂದುಮುಂದು ಬಿಂದುಗಳನ್ನು ಎರಡೂ ಕಡೆ ಚದುರಿಸುತ್ತದೆ. ಹೀಗೆ ಒಂದೇ ಕಡೆಗೆ ಸಾಲಾಗಿ ನಿಲ್ಲಿಸುವುದಿಲ್ಲ.

ಮೂಲಬಿಂದುವನ್ನು ಮರೆತು ಐದು ಬಿಂದುಗಳಿಗಷ್ಟೇ ಹೊಂದುವ ಗೆರೆಯನ್ನೆಳೆದರೆ ಇಳಿಜಾರು 0.0405 ಆಗಿ, ಉತ್ತರ 975 ಬರುತ್ತದೆ. ಬೆಂಗಳೂರಿನಲ್ಲಿ ಅದರ ನಿಜ ಬೆಲೆ ಸುಮಾರು 978. ಆ ಗೆರೆಯನ್ನು ಹಿಂದಕ್ಕೆ ಬೆಳೆಸಿದರೆ ಅದು ಅಡ್ಡ ಅಕ್ಷವನ್ನು ಸೊನ್ನೆಯಲ್ಲಿ ಮುಟ್ಟದೆ, ಅದರ ಎಡಕ್ಕೆ 1.7 ಸೆಂ.ಮೀ. ದೂರದಲ್ಲಿ ಮುಟ್ಟುತ್ತದೆ. ಇದರರ್ಥ, ಅಳೆದ ಪ್ರತಿಯೊಂದು ಉದ್ದದಲ್ಲಿಯೂ ಅಷ್ಟೇ ಕೊರತೆಯಿದೆ. ಲೋಲಕದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಬೇಕು. ಮಗಳು ದಾರದ ಗಂಟಿನವರೆಗಷ್ಟೇ ಅಳೆದಿರಬೇಕು. ಊಹೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ವರ್ನಿಯರ್ ಕ್ಯಾಲಿಪರ್ಸ್‌ನಿಂದ ಗುಂಡಿನ ವ್ಯಾಸವನ್ನಳೆದಾಗ 2.5 ಸೆಂ.ಮೀ. ಬಂದು, ಮೇಲಿನ ಕೊಕ್ಕೆ ಅರ್ಧ ಸೆಂ.ಮೀ. ಇದ್ದರೆ, ಎರಡೂ ಕೂಡಿ ಗಂಟಿನಿಂದ ಮಧ್ಯಕ್ಕೆ 1.75 ಸೆಂ.ಮೀ. ಲೆಕ್ಕ ಕೂಡಿಬಂದಿತು. ಅಳತೆಗೆ ಹೊಂದದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು.

ಇಂತಹ ನಕ್ಷೆಗೆ "ಸರಿ" ಎಂದರೆ ತಪ್ಪು ಉಳಿಯುತ್ತದೆ. ಬರಿದೆ "ತಪ್ಪು" ಎಂದರೆ ಇನ್ನೂ ಕೆಡುಕು: ಮಗು ತನ್ನ ಒಳ್ಳೆಯ ಅಳತೆಗಳನ್ನೇ ಅಳಿಸಿ, 9.8 ಬರುವಂತೆ ಅಂಕಿಗಳನ್ನು ತಿದ್ದೀತು. ಆದ್ದರಿಂದ ಬಿಡಿಸಿ ಹೇಳಬೇಕು: "ನೀನು ಅಳೆದ ಕಾಲಗಳು ಚೆನ್ನಾಗಿವೆ, ಅವನ್ನು ಮುಟ್ಟಬೇಡ. ಎರಡು ಅಕ್ಷಗಳ ಹೆಸರು ಮತ್ತು ಮಾನವನ್ನು ತಿದ್ದು. ಗೆರೆಯನ್ನು ಬಿಂದುಗಳ ನಡುವೆ ಎಳೆ. ಅದು ಸೊನ್ನೆಗೆ ಏಕೆ ಬರಲಿಲ್ಲವೆಂಬುದನ್ನು ಗುಂಡನ್ನಳೆದು ನೋಡಿ, ಕೆಳಗೆ ಒಂದು ವಾಕ್ಯದಲ್ಲಿ ಬರೆ." ಪ್ರಯೋಗ ಪುಸ್ತಕದಲ್ಲಿ ಕಂಡದ್ದನ್ನು ಕಂಡಂತೆ ಬರೆದ ಆ ಒಂದು ವಾಕ್ಯ, ತಿದ್ದಿ ತಂದ 9.8ಕ್ಕಿಂತ ಹೆಚ್ಚಿನದು.